ಚಿನ್ನದ ಮಾಸಿಕ ಕಂತಿನ ಯೋಜನೆ

ಗ್ರಾಹಕರು ಆಭರಣ ಮಳಿಗೆಗೆ ತಿಂಗಳು ತಿಂಗಳು ನಿಗದಿತ ಹಣ ಕಟ್ಟುತ್ತ ಹೋಗಿ, ಅವಧಿ ಮುಗಿದ ಮೇಲೆ ಅದೇ ಮಳಿಗೆಯಲ್ಲಿ ಆ ಮೊತ್ತಕ್ಕೆ ಒಡವೆ ಕೊಳ್ಳುವ ವ್ಯವಸ್ಥೆಗೆ ಚಿನ್ನದ ಮಾಸಿಕ ಕಂತಿನ ಯೋಜನೆ ಎಂದು ಹೆಸರು. ಆಡುಮಾತಿನಲ್ಲಿ ಇದು ‘ಚಿನ್ನದ ಸ್ಕೀಮ್’ ಅಥವಾ ‘ಚಿನ್ನದ ಚೀಟಿ’. ಚೀಟಿ ಎಂದು ಕರೆದರೂ ಇದರಲ್ಲಿ ಹರಾಜಿಲ್ಲ, ಸದಸ್ಯರ ನಡುವೆ ಹಣದ ಹಂಚಿಕೆಯೂ ಇಲ್ಲ. ಪಾಸ್‌ಬುಕ್ ಕೊಟ್ಟರೂ ಇದು ಬ್ಯಾಂಕಿನ ಠೇವಣಿಯಲ್ಲ. ಕಾನೂನಿನ ಕಣ್ಣಿನಲ್ಲಿ ಇದು ಮುಂದೆ ಕೊಳ್ಳಲಿರುವ ಸರಕಿಗೆ ಕೊಟ್ಟ ಮುಂಗಡ. ಯೋಜನೆಯ ಬಹುಪಾಲು ಷರತ್ತುಗಳು ಹುಟ್ಟುವುದು ಈ ಒಂದು ಸಂಗತಿಯಿಂದ.

ಹನ್ನೊಂದು ತಿಂಗಳು ಏಕೆ

ಹಿಂದೆ ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತಾರು ತಿಂಗಳ ಯೋಜನೆಗಳೂ ಇದ್ದವು. 2013ರ ಕಂಪನಿ ಕಾಯ್ದೆಯ ಅಡಿಯಲ್ಲಿ ಬಂದ ಠೇವಣಿ ಸ್ವೀಕಾರ ನಿಯಮಗಳು 2014ರ ಏಪ್ರಿಲ್ 1ರಿಂದ ಜಾರಿಯಾದಾಗ ಚಿತ್ರ ಬದಲಾಯಿತು. ಸರಕಿಗಾಗಿ ಪಡೆದ ಮುಂಗಡವನ್ನು, ಪಡೆದ ದಿನದಿಂದ 365 ದಿನಗಳೊಳಗೆ ಆ ಸರಕಿನ ಬಿಲ್ಲಿಗೆ ಹೊಂದಿಸಿದರೆ ಮಾತ್ರ ಅದು ಠೇವಣಿಯಲ್ಲ ಎಂದು ಈ ನಿಯಮಗಳು ಹೇಳುತ್ತವೆ. ಆ ಗಡುವು ಮೀರಿದರೆ ಠೇವಣಿಯ ಕಟ್ಟುಪಾಡುಗಳೆಲ್ಲ ಕಂಪನಿಯ ಮೇಲೆ ಬೀಳುತ್ತವೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಟೈಟನ್ ಕಂಪನಿ ತನಿಷ್ಕ್ ಮಳಿಗೆಗಳ ‘ಗೋಲ್ಡನ್ ಹಾರ್ವೆಸ್ಟ್’ ಯೋಜನೆಯನ್ನು ಆ ವರ್ಷ ನಿಲ್ಲಿಸಿ, ಹೊಸ ರೂಪದಲ್ಲಿ ಮತ್ತೆ ತೆರೆದದ್ದು ಇದೇ ಕಾರಣಕ್ಕೆ.

ಮೊದಲ ಕಂತು ಎಲ್ಲಕ್ಕಿಂತ ಹಳೆಯದಾದ್ದರಿಂದ ಗಡುವನ್ನು ನಿರ್ಧರಿಸುವುದು ಅದೇ. ಹತ್ತು ಅಥವಾ ಹನ್ನೊಂದು ಕಂತು ಕಟ್ಟಿಸಿಕೊಂಡು, ಒಡವೆ ಆರಿಸಲು ಕೆಲವು ವಾರ ಉಳಿಸುವ ರೂಢಿ ಹೀಗೆ ನೆಲೆಯೂರಿತು. ಅವಧಿ ಮುಗಿದರೂ ಗ್ರಾಹಕರು ಬರದಿದ್ದರೆ ಹಲವು ಮಳಿಗೆಗಳು ಕಟ್ಟಿದ ಹಣವನ್ನಷ್ಟೇ ಬ್ಯಾಂಕ್ ಖಾತೆಗೆ ಹಿಂದಿರುಗಿಸುತ್ತವೆ, ಬೋನಸ್ ಕೈತಪ್ಪುತ್ತದೆ. ಮಗಳ ಮದುವೆ ಮುಂದಿನ ವೈಶಾಖದಲ್ಲಿದೆ, ಅಲ್ಲಿಯವರೆಗೆ ಹಣ ಅಲ್ಲೇ ಇರಲಿ ಎಂದುಕೊಂಡವರು ಮೋಸಹೋಗುವುದು ಇಲ್ಲಿಯೇ.

ಎರಡು ಬಗೆ

ಮೊದಲನೆಯದು ಹಣ ಕೂಡಿಸುವ ಬಗೆ. ಕಟ್ಟಿದ ಕಂತುಗಳು ರೂಪಾಯಿಯಾಗಿಯೇ ಉಳಿಯುತ್ತವೆ. ಕೊನೆಯಲ್ಲಿ ಮಳಿಗೆ ಒಂದು ಕಂತನ್ನೋ ಅದರ ಒಂದು ಭಾಗವನ್ನೋ ಬೋನಸ್ ಎಂದು ಸೇರಿಸುತ್ತದೆ. ಒಡವೆ ಕೊಳ್ಳುವ ದಿನದ ದರವೇ ಅನ್ವಯಿಸುವುದರಿಂದ ವರ್ಷದೊಳಗೆ ಚಿನ್ನ ತುಟ್ಟಿಯಾದರೆ ಆ ಹೊರೆ ಗ್ರಾಹಕರದು.

ಎರಡನೆಯದು ತೂಕ ಕೂಡಿಸುವ ಬಗೆ. ಪ್ರತಿ ಕಂತನ್ನೂ ಕಟ್ಟಿದ ದಿನದ 22 ಕ್ಯಾರೆಟ್ ದರದಲ್ಲಿ ಗ್ರಾಂ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಗ್ರಾಂ ದರ 8,000 ರೂಪಾಯಿ ಇದ್ದ ದಿನ 5,000 ಕಟ್ಟಿದರೆ 0.625 ಗ್ರಾಂ, ದರ 9,000 ಆದ ದಿನ ಕಟ್ಟಿದರೆ ಸುಮಾರು 0.556 ಗ್ರಾಂ. ಇಲ್ಲಿ ದರ ಏರಿದರೆ ಹಿಂದೆ ಕೂಡಿಸಿದ ಗ್ರಾಂಗಳಿಗೆ ಪೆಟ್ಟಿಲ್ಲ. ಬೋನಸ್‌ನ ಬದಲು ವೇಸ್ಟೇಜ್ ಮನ್ನಾ ಮಾಡುವುದು ಈ ಬಗೆಯ ಮುಖ್ಯ ಆಕರ್ಷಣೆ. ಒಡವೆ ಮಾಡುವಾಗ ಸವೆಯುವ ಚಿನ್ನದ ಹೆಸರಿನಲ್ಲಿ ಬಿಲ್ಲಿಗೆ ಸೇರಿಸುವ ಶೇಕಡಾವಾರು ಮೊತ್ತಕ್ಕೆ ವೇಸ್ಟೇಜ್ ಎನ್ನುತ್ತಾರೆ. ಕೆಲವು ಅಂಗಡಿಗಳು ಇದನ್ನು ಮಜೂರಿಯೊಂದಿಗೆ ಸೇರಿಸಿ ‘ವಿ.ಎ.’ ಎಂಬ ಒಂದೇ ಸಾಲಿನಲ್ಲಿ ತೋರಿಸುತ್ತವೆ.

ಬೋನಸ್‌ನ ನಿಜವಾದ ಬೆಲೆ

ಬೋನಸ್ ನಗದಾಗಿ ಕೈಗೆ ಬರುವುದಿಲ್ಲ. ಬಿಲ್ಲಿನಲ್ಲಿ ರಿಯಾಯಿತಿಯಾಗಿ ಬರುತ್ತದೆ. ಆದ್ದರಿಂದ ಅದನ್ನು ಪಾಸ್‌ಬುಕ್ ನೋಡಿ ಅಳೆಯಲಾಗದು, ಬಿಲ್ ನೋಡಿ ಅಳೆಯಬೇಕು. ಒಂದು ಉದಾಹರಣೆ ತೆಗೆದುಕೊಳ್ಳಬಹುದು.

ತಿಂಗಳಿಗೆ 5,000ದಂತೆ ಹನ್ನೊಂದು ಕಂತು ಕಟ್ಟಿದರೆ 55,000 ರೂಪಾಯಿ. ಮಳಿಗೆ ಒಂದು ಕಂತು ಸೇರಿಸಿದರೆ 60,000. ಮೊದಲ ಕಂತು ಮಳಿಗೆಯಲ್ಲಿ ಹನ್ನೊಂದು ತಿಂಗಳಿದ್ದರೆ ಕೊನೆಯದು ಒಂದೇ ತಿಂಗಳಿರುತ್ತದೆ. ಇದನ್ನೆಲ್ಲ ಗಣಿಸಿದರೆ 5,000ದ ಬೋನಸ್ ವರ್ಷಕ್ಕೆ ಶೇ. 18ರಷ್ಟು ಸರಳ ಬಡ್ಡಿಗೆ ಸಮ. ಯಾವ ಬ್ಯಾಂಕಿನ ಆರ್.ಡಿ.ಯೂ ಇಷ್ಟು ಕೊಡುವುದಿಲ್ಲ. ಕಾಗದದ ಮೇಲೆ ಯೋಜನೆ ಇಷ್ಟು ಚೆನ್ನಾಗಿ ಕಾಣುವುದು ಇದರಿಂದಲೇ.

ಈಗ ಬಿಲ್ಲಿಗೆ ಬರೋಣ. ಗ್ರಾಂ ದರ 9,000 ಎಂದಿಟ್ಟುಕೊಳ್ಳಿ. ಯೋಜನೆಯ ಮಳಿಗೆಯಲ್ಲಿ ಮಜೂರಿ ಶೇ. 18, ಅದರ ಮೇಲೆ ಶೇ. 3 ಜಿಎಸ್‌ಟಿ. ಒಂದು ಗ್ರಾಂ ಒಡವೆಗೆ ಸುಮಾರು 10,939 ರೂಪಾಯಿ ಬೀಳುತ್ತದೆ; 60,000ಕ್ಕೆ ಸಿಗುವುದು 5.49 ಗ್ರಾಂ. ಅದೇ ಹಣವನ್ನು ಬ್ಯಾಂಕಿನಲ್ಲಿ ಶೇ. 6ರ ಆರ್.ಡಿ.ಯಾಗಿ ಕಟ್ಟಿದ್ದರೆ ಸುಮಾರು 1,650 ಬಡ್ಡಿ ಸೇರಿ 56,650 ಆಗುತ್ತಿತ್ತು. ಆ ಹಣದೊಂದಿಗೆ, ಅಂಥದೇ ಒಡವೆಗೆ ಶೇ. 10 ಮಜೂರಿ ಹಾಕುವ ಬೇರೊಂದು ಅಂಗಡಿಗೆ ಹೋದರೆ ಗ್ರಾಂಗೆ 10,197 ರೂಪಾಯಿಯಂತೆ 5.56 ಗ್ರಾಂ ಸಿಗುತ್ತದೆ. ಬೋನಸ್ ಇಲ್ಲದೆಯೂ ತೂಕ ಹೆಚ್ಚು.

ಎರಡನೆಯ ಅಂಗಡಿಯ ಮಜೂರಿ ಶೇ. 12 ಆಗಿದ್ದರೆ ಸಿಗುವುದು 5.46 ಗ್ರಾಂ, ಆಗ ಯೋಜನೆಯೇ ಕೂದಲೆಳೆಯಷ್ಟು ಮೇಲು. ಅಂದರೆ ಆರ್.ಡಿ. ಬಡ್ಡಿಯನ್ನು ಕಳೆದು ನೋಡಿದರೆ, ಈ ಉದಾಹರಣೆಯಲ್ಲಿ ಒಂದು ಪೂರ್ತಿ ಕಂತಿನ ಬೋನಸ್ ಸರಿದೂಗಿಸುವುದು ಮಜೂರಿಯಲ್ಲಿನ ಆರೂವರೆ ಶೇಕಡಾ ಅಂತರವನ್ನು ಮಾತ್ರ. ಯೋಜನೆಗೆ ಸೇರಿದವರು ಬೇರೆ ಅಂಗಡಿಯಲ್ಲಿ ಚೌಕಾಸಿ ಮಾಡುವ ಸ್ವಾತಂತ್ರ್ಯವನ್ನು ಹನ್ನೊಂದು ತಿಂಗಳು ಮೊದಲೇ ಬಿಟ್ಟುಕೊಟ್ಟಿರುತ್ತಾರೆ. ಬೋನಸ್ ಆ ಸ್ವಾತಂತ್ರ್ಯದ ಬೆಲೆ.

ಅಡಗಿದ ಷರತ್ತುಗಳು

ತೂಕದ ಬಗೆಯಲ್ಲಿ ಮುಖ್ಯ ಷರತ್ತು ಇರುವುದು ‘ವರೆಗೆ’ ಎಂಬ ಪದದಲ್ಲಿ. ಜಾಹೀರಾತು ‘ವೇಸ್ಟೇಜ್ ಇಲ್ಲ’ ಎಂದರೆ ನಿಯಮಪತ್ರ ‘ಶೇ. 18ರವರೆಗೆ ವೇಸ್ಟೇಜ್ ಇಲ್ಲ, ಕೂಡಿಸಿದ ತೂಕಕ್ಕೆ ಮಾತ್ರ’ ಎನ್ನುತ್ತದೆ. ಆರು ಗ್ರಾಂ ಕೂಡಿಸಿದವರೊಬ್ಬರು ಶೇ. 22 ವೇಸ್ಟೇಜ್‌ನ ಹತ್ತು ಗ್ರಾಂ ಸರವನ್ನು ಮೆಚ್ಚಿದರು ಎನ್ನಿ. ಮೊದಲ ಆರು ಗ್ರಾಂಗೆ ಮಿತಿ ಮೀರಿದ ಶೇ. 4ನ್ನು ಕೊಡಬೇಕು: 9,000 ದರದಲ್ಲಿ 2,160 ರೂಪಾಯಿ. ಉಳಿದ ನಾಲ್ಕು ಗ್ರಾಂಗೆ ಚಿನ್ನದ ಬೆಲೆ 36,000, ಅದರ ಮೇಲೆ ಪೂರ್ತಿ ಶೇ. 22 ವೇಸ್ಟೇಜ್ 7,920. ವೇಸ್ಟೇಜ್ ಇಲ್ಲ ಎಂದು ನಂಬಿ ಬಂದವರು ವೇಸ್ಟೇಜ್ ಹೆಸರಿನಲ್ಲಿಯೇ 10,080 ರೂಪಾಯಿ ತೆರುತ್ತಾರೆ, ಜಿಎಸ್‌ಟಿ ಬೇರೆ. ಕೂಡಿಸಿದ ತೂಕದೊಳಗೇ ಒಡವೆ ಆರಿಸಲು ಹೋದರೆ ಆ ತೂಕದಲ್ಲಿ, ಆ ಮಿತಿಯೊಳಗೆ ಸಿಗುವ ವಿನ್ಯಾಸಗಳು ಕೆಲವೇ.

ಎರಡನೆಯದು ಏನನ್ನು ಕೊಳ್ಳಬಹುದು ಎಂಬುದು. ಚಿನ್ನದ ನಾಣ್ಯ, ಗಟ್ಟಿ, ಹರಳಿನ ಅಥವಾ ವಜ್ರದ ಒಡವೆಗಳಿಗೆ ಯೋಜನೆಯ ಲಾಭವನ್ನು ಹಲವೆಡೆ ಕೊಡುವುದಿಲ್ಲ, ಇಲ್ಲವೇ ಕಡಿತಗೊಳಿಸುತ್ತಾರೆ. ಮಜೂರಿಯಿಲ್ಲದ ನಾಣ್ಯಕ್ಕೆ ಬೋನಸ್ ಕೊಟ್ಟರೆ ಮಳಿಗೆಗೆ ಉಳಿಯುವುದು ಕಡಿಮೆ. ಆ ಷರತ್ತಿನ ಕಾರಣ ಅದು. ಅಕ್ಷಯ ತೃತೀಯ, ದೀಪಾವಳಿಯ ರಿಯಾಯಿತಿಗಳನ್ನೂ ಯೋಜನೆಯ ಲಾಭದೊಂದಿಗೆ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಮೂರನೆಯದು ಕಂತು ತಪ್ಪಿದಾಗಿನ ಲೆಕ್ಕ. ಒಂದು ತಿಂಗಳು ತಪ್ಪಿದರೆ ಕೆಲವರು ಬೋನಸ್ ಪೂರ್ತಿ ರದ್ದು ಮಾಡುತ್ತಾರೆ, ಕೆಲವರು ಕಡಿಮೆ ಮಾಡುತ್ತಾರೆ. ನಡುವೆ ಬಿಡುವವರಿಗೆ ಕಟ್ಟಿದ ಹಣಕ್ಕೆ ಬಡ್ಡಿಯಿಲ್ಲ. ಸೇರುವಾಗ ಕೊಟ್ಟ ಬೆಳ್ಳಿ ದೀಪ, ಪಾತ್ರೆಗಳಂಥ ಉಡುಗೊರೆಯ ಬೆಲೆಯನ್ನು ಮುರಿದುಕೊಳ್ಳುವುದೂ ಉಂಟು. ‘ನಗದು ಹಿಂದಿರುಗಿಸುವುದಿಲ್ಲ, ಅಂದಿನ ದರಕ್ಕೆ ಒಡವೆ ಕೊಳ್ಳಬೇಕು’ ಎಂಬ ಸಾಲು ಇದೆಯೇ ಎಂದು ಸೇರುವ ಮೊದಲೇ ನೋಡಬೇಕು. ಮನೆಯಲ್ಲಿ ಕಾಯಿಲೆ ಬಂದು ಹಣ ಬೇಕಾದ ದಿನ ಆ ಸಾಲು ಕುತ್ತಿಗೆಗೆ ಬರುತ್ತದೆ.

ಹಣ ಮುಳುಗುವ ಬಗೆ

ಬ್ಯಾಂಕ್ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆ ಇದೆ. ಚಿನ್ನದ ಸ್ಕೀಮಿಗೆ ಇಲ್ಲ. ತೂಕದ ಬಗೆಯಲ್ಲಿಯೂ ಪಾಸ್‌ಬುಕ್‌ನ ಗ್ರಾಂಗಳು ಬರಹ ಮಾತ್ರ. ಗ್ರಾಹಕರ ಹೆಸರಿನಲ್ಲಿ ಚಿನ್ನ ತೆಗೆದಿಡುವ ಕಟ್ಟುಪಾಡು ಮಳಿಗೆಗೆ ಇಲ್ಲ. ಕಂತಿನ ಹಣ ವ್ಯಾಪಾರದ ಬಂಡವಾಳವಾಗಿ ಓಡಾಡುತ್ತಿರುತ್ತದೆ. ಅಂಗಡಿ ದಿವಾಳಿಯಾದರೆ, ದಾಸ್ತಾನನ್ನು ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ಯಾವ ಭದ್ರತೆಯೂ ಇಲ್ಲದೆ ಗ್ರಾಹಕರು ನಿಲ್ಲಬೇಕಾಗುತ್ತದೆ. 2017ರಲ್ಲಿ ಚೆನ್ನೈನ ನಾಥೆಲ್ಲಾ ಸಂಪತ್, 2019ರಲ್ಲಿ ಮುಂಬೈ ಭಾಗದ ಗುಡ್‌ವಿನ್ ಮಳಿಗೆಗಳು ಬಾಗಿಲು ಮುಚ್ಚಿದಾಗ ಕಂತು ಕಟ್ಟಿದ್ದವರು ಪಾಸ್‌ಬುಕ್ ಹಿಡಿದು ಪೊಲೀಸರ ಮುಂದೆ ಹೋಗಬೇಕಾಯಿತು.

ಮುನ್ಸೂಚನೆಗಳು ಕೆಲವಿವೆ. ಒಡವೆಯ ಬದಲು ನಗದು ಬಡ್ಡಿ ಕೊಡುತ್ತೇವೆ ಎನ್ನುವುದು, ವರ್ಷಕ್ಕಿಂತ ಉದ್ದದ ಅವಧಿ, ರಸೀದಿಯಿಲ್ಲದೆ ನಗದು ಪಡೆಯುವುದು, ಅವಧಿ ಮುಗಿದವರಿಗೆ ‘ಸ್ಟಾಕ್ ಬಂದಿಲ್ಲ, ಹೊಸ ಸ್ಕೀಮಿಗೆ ಹಾಕಿಬಿಡಿ’ ಎನ್ನುವುದು. ಕೊನೆಯದು ಕಂಡ ದಿನವೇ ಸಿಕ್ಕ ಒಡವೆ ತೆಗೆದುಕೊಂಡು ಹೊರಬರುವುದು ಲೇಸು.

ಕಾನೂನಿನ ಆಸರೆ

ಕಂಪನಿ ಕಾಯ್ದೆ ಒಬ್ಬರೇ ನಡೆಸುವ ಅಂಗಡಿಗೂ ಪಾಲುದಾರಿಕೆಯ ಅಂಗಡಿಗೂ ಅನ್ವಯಿಸದು. ಆ ಕೊರತೆಯನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ತುಂಬುತ್ತದೆ. ವ್ಯಾಪಾರಕ್ಕೆ ನಿಜವಾಗಿ ಸಂಬಂಧಿಸಿದ ಮುಂಗಡವನ್ನು ಅದು ಹೊರಗಿಟ್ಟಿದೆ. ಆದರೆ ಹಿಂದಿರುಗಿಸಬೇಕಾದ ದಿನದಿಂದ ಹದಿನೈದು ದಿನ ಕಳೆದರೂ ಹಿಂದಿರುಗಿಸದ ಮುಂಗಡ ಠೇವಣಿ ಎನಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯೂ ಇದ್ದು, ವಂಚಿಸಿದ ಹಣಕಾಸು ಸಂಸ್ಥೆಯ ಆಸ್ತಿ ಜಪ್ತಿಗೆ ಅವಕಾಶ ಕೊಡುತ್ತದೆ. ಮಜೂರಿ, ಬೋನಸ್‌ಗಳ ತಕರಾರಿಗೆ ಗ್ರಾಹಕರ ಆಯೋಗವಿದೆ. ರಾಷ್ಟ್ರೀಯ ಸಹಾಯವಾಣಿ 1915.

ಇವೆಲ್ಲಕ್ಕೂ ಬೇಕಾದ ಆಧಾರ ಮುದ್ರಿತ ನಿಯಮಪತ್ರ ಮತ್ತು ಪ್ರತಿ ಕಂತಿನ ರಸೀದಿ. ಕೊನೆಯ ಬಿಲ್ಲಿನಲ್ಲಿ ಹರಳು ಕಳೆದ ನಿವ್ವಳ ತೂಕ, ಅಂದಿನ ದರ, ಮಜೂರಿ, ಕಳೆದ ರಿಯಾಯಿತಿ ಬೇರೆ ಬೇರೆ ಸಾಲಿನಲ್ಲಿರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಕೌಂಟರಿನ ಮುಂದೆಯೇ ಪರೀಕ್ಷಿಸಬಹುದು. ಸೇರುವ ದಿನ ಕೇಳಬೇಕಾದದ್ದು ಬೋನಸ್ ಎಷ್ಟು ಎಂದಷ್ಟೇ ಅಲ್ಲ: ಬೇಕಾದ ಒಡವೆಯನ್ನು ತೋರಿಸಿ, ಇವತ್ತೇ ಸ್ಕೀಮ್ ಮುಗಿದಿದ್ದರೆ ಇದರ ಬಿಲ್ ಎಷ್ಟಾಗುತ್ತಿತ್ತು ಎಂದು ಬರೆಸಿಕೊಂಡು, ಆ ಚೀಟಿಯನ್ನು ಇನ್ನೊಂದು ಅಂಗಡಿಯ ಬೆಲೆಯೊಡನೆ ಹೋಲಿಸಬೇಕು.