ರಿಗ್ರೆಶನ್

ಲ್ಯಾಟಿನ್‌ನ ‘ರೆಗ್ರೆದಿ’ ಎಂದರೆ ಹಿಂದಕ್ಕೆ ಹೆಜ್ಜೆ ಇಡುವುದು. ತಂತ್ರಾಂಶದವರ ಬಾಯಲ್ಲಿ ರಿಗ್ರೆಶನ್ ಅಂದರೆ, ಸರಿಯಿದ್ದದ್ದು ಹೊಸ ಬದಲಾವಣೆಯಿಂದ ಕೆಡುವುದು. ವಿಶುವಲ್ ರಿಗ್ರೆಶನ್ ಪರೀಕ್ಷೆ ಹುಡುಕುವುದು ಕಣ್ಣಿಗೆ ಕಾಣುವ ಕೇಡನ್ನು. ಬದಲಾವಣೆಗೆ ಮೊದಲಿನ ಸ್ಕ್ರೀನ್‌ಶಾಟ್ ‘ಬೇಸ್‌ಲೈನ್’; ನಂತರದ್ದನ್ನು ಅದರೊಡನೆ ಪಿಕ್ಸೆಲ್ ಪಿಕ್ಸೆಲ್ ಆಗಿ ಹೋಲಿಸುತ್ತಾರೆ. ಮುಖಪುಟದ ಬಟನ್‌ಗೆಂದು ಸಿಎಸ್‌ಎಸ್‌ನಲ್ಲಿ ಪ್ಯಾಡಿಂಗ್ ಹೆಚ್ಚಿಸಿದರೆ, ಅದೇ ಕ್ಲಾಸ್ ಬಳಸುವ ಪಾವತಿ ಪುಟದಲ್ಲಿ ಅಗಲ ಸಾಲದೆ ಬಟನ್ನಿನ ಬರಹ ಎರಡು ಸಾಲಿಗೆ ಮುರಿಯಬಹುದು. ಕ್ಲಿಕ್ ಮಾಡಿದರೆ ಕೆಲಸವಾಗುತ್ತದೆ, ಹಾಗಾಗಿ ಉಳಿದ ಪರೀಕ್ಷೆಗಳೆಲ್ಲ ಪಾಸು. ವ್ಯತ್ಯಾಸದ ಚಿತ್ರದಲ್ಲಿ ಮಾತ್ರ ಆ ಜಾಗ ಕೆಂಪಾಗುತ್ತದೆ. ಮ್ಯಾಕ್‌ನಲ್ಲಿ ತೆಗೆದ ಬೇಸ್‌ಲೈನನ್ನು ಲಿನಕ್ಸ್‌ನ ಚಿತ್ರಕ್ಕೆ ಹೋಲಿಸಿದರೆ ಅಕ್ಷರಗಳ ಅಂಚೇ ಬೇರೆಯಾಗಿ ಪುಟದ ತುಂಬ ಸುಳ್ಳು ಕೆಂಪು. ಪ್ಲೇರೈಟ್ ಚಿತ್ರದ ಹೆಸರಿಗೆ `chromium-linux` ಎಂದು ಸೇರಿಸುವುದು ಅದಕ್ಕೇ. `--update-snapshots` ಓಡಿಸುವ ಮೊದಲು ಪ್ರತಿ ವ್ಯತ್ಯಾಸದ ಚಿತ್ರವನ್ನೂ ತೆರೆದು ನೋಡಿ.