ಹಣ್ಣಿನ ಉಪವಾಸ ಮತ್ತು ಮಧುಮೇಹ: ಒಪ್ಪತ್ತಿನ ದಿನ ರಕ್ತದ ಸಕ್ಕರೆ ಏಕೆ ಏರಿಳಿಯುತ್ತದೆ, ಏನು ಮಾಡಬೇಕು

ಶ್ರಾವಣ ಮಾಸ ಬಂದಿತೆಂದರೆ ಪತ್ತಿಕೊಂಡ, ಆಲೂರು, ಆದೋನಿ ಭಾಗದ ನಮ್ಮ ಕನ್ನಡ ಮನೆಗಳಲ್ಲಿ ವಾರಕ್ಕೆ ಎರಡು ಮೂರು ದಿನ ಒಲೆಯ ಮೇಲೆ ಅನ್ನದ ಪಾತ್ರೆ ಏರುವುದಿಲ್ಲ. ಸೋಮವಾರ ಶಿವನಿಗೆ, ಶನಿವಾರ ಹನುಮಂತನಿಗೆ ಅಥವಾ ವೆಂಕಟರಮಣನಿಗೆ, ನಡುವೆ ಏಕಾದಶಿ. ಉರುಕುಂದದ ಈರಣ್ಣ ಸ್ವಾಮಿಯ ಜಾತ್ರೆಯೂ ಇದೇ ತಿಂಗಳು. ನೆರೆಯ ತೆಲುಗರು ಒಕ್ಕಪೊದ್ದು ಎನ್ನುವುದನ್ನೇ ನಾವು ಒಪ್ಪತ್ತು ಎನ್ನುತ್ತೇವೆ: ಹಗಲೆಲ್ಲ ಹಣ್ಣು ಹಾಲು, ರಾತ್ರಿ ಒಂದೇ ಊಟ. ಕೆಲವರು ರಾತ್ರಿಯೂ ಹಣ್ಣಿನಲ್ಲೇ ಕಳೆಯುತ್ತಾರೆ.

ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಈ ದಿನಗಳಲ್ಲಿ ಎರಡು ಅಪಾಯಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಬೆಳಿಗ್ಗೆ ಸಕ್ಕರೆ ಕುಸಿಯುತ್ತದೆ, ಮಧ್ಯಾಹ್ನ ಜಿಗಿಯುತ್ತದೆ. ಹಣ್ಣು ದೇವರ ಪ್ರಸಾದ, ಅದರಿಂದ ಕೆಡುಕಿಲ್ಲ ಎನ್ನುವ ಮಾತು ಅರ್ಧ ಮಾತ್ರ ನಿಜ. ಕೆಡುಕು ಹಣ್ಣಿನಲ್ಲಿಲ್ಲ. ಅದನ್ನು ಯಾವಾಗ, ಎಷ್ಟು, ಯಾವ ಮಾತ್ರೆಯ ಜೊತೆ ತಿಂದೆವು ಎಂಬುದರಲ್ಲಿದೆ.

ಒಂದು ಶನಿವಾರದ ಲೆಕ್ಕ

ಉದಾಹರಣೆಗಾಗಿ ಐವತ್ತೆಂಟು ವರ್ಷದ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಆಕೆ ದಿನಕ್ಕೆ ಎರಡು ಸಲ, ಉಪಾಹಾರಕ್ಕೂ ರಾತ್ರಿಯೂಟಕ್ಕೂ ಮುನ್ನ, ಒಂದು ಜೋಡಿ ಮಾತ್ರೆ ನುಂಗುತ್ತಾರೆ. ಅದರಲ್ಲಿ ಗ್ಲಿಮಿಪ್ರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಸೇರಿವೆ. ನಮ್ಮ ಕಡೆ ಬಹಳ ಮಂದಿ ನುಂಗುವುದು ಇಂಥ ಜೋಡಿ ಮಾತ್ರೆಯನ್ನೇ.

ಬೆಳಿಗ್ಗೆ ಎಂಟಕ್ಕೆ ಸ್ನಾನ ಮುಗಿಸಿ, ಮಾತ್ರೆ ತಪ್ಪಿಸಬಾರದೆಂದು ನೀರಿನಲ್ಲಿ ನುಂಗಿದರು. ಆಗ ಸಕ್ಕರೆ 130 ಇತ್ತು ಎನ್ನೋಣ. ಪೂಜೆ ಮುಗಿಯುವವರೆಗೆ ಬಾಯಿಗೆ ಏನೂ ಇಲ್ಲ. ಆಮೇಲೆ ಆದೋನಿಯ ರಣಮಂಡಲ ಬೆಟ್ಟದ ಮೆಟ್ಟಿಲು ಹತ್ತಿದರು. ಗ್ಲಿಮಿಪ್ರೈಡ್ ನುಂಗಿದ ಎರಡು ಮೂರು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಾಗಿರುತ್ತದೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನನ್ನು ಹಿಂಡಿ ಹೊರಗೆ ತರುವ ಔಷಧ. ಹೊಟ್ಟೆಯಲ್ಲಿ ಊಟವಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಮೆಟ್ಟಿಲು ಹತ್ತುವ ಕಾಲುಗಳು ಇದ್ದ ಸಕ್ಕರೆಯನ್ನೂ ಎಳೆದುಕೊಳ್ಳುತ್ತವೆ. ಹನ್ನೊಂದೂವರೆಗೆ ಕೈ ನಡುಗಿ, ಹಣೆಯಲ್ಲಿ ತಣ್ಣನೆಯ ಬೆವರೊಡೆದು, ಎದೆ ಹೊಡೆದುಕೊಂಡರೆ ಆಶ್ಚರ್ಯವಿಲ್ಲ. ಅಂಥ ಹೊತ್ತಿನಲ್ಲಿ ಯಂತ್ರ 60ರ ಆಸುಪಾಸು ತೋರಿಸಬಹುದು. ಜೊತೆಗಿದ್ದವರು ಇದನ್ನು ಉಪವಾಸದ ನಿತ್ರಾಣ ಎಂದೋ ಬಿಸಿಲಿನ ತಾಪ ಎಂದೋ ತಿಳಿಯುತ್ತಾರೆ. ನಿಜವಾದ ತಪ್ಪು ಆಗುವುದು ಅಲ್ಲಿಯೇ.

ಮಧ್ಯಾಹ್ನ ಹಸಿವು ಕೆರಳಿರುತ್ತದೆ. ಎರಡು ಬಾಳೆಹಣ್ಣು, ಮೂರು ಸಪೋಟ. ಸಾಮಾನ್ಯ ಗಾತ್ರದ ಬಾಳೆಹಣ್ಣೊಂದರಲ್ಲಿ ಸುಮಾರು 25 ಗ್ರಾಂ ಶರ್ಕರಪಿಷ್ಟವಿದೆ, ಸಪೋಟದಲ್ಲಿ ಸುಮಾರು 15 ಗ್ರಾಂ. ಒಟ್ಟು 95 ಗ್ರಾಂ, ಎಂದರೆ ಇಪ್ಪತ್ತು ಚಮಚ ಸಕ್ಕರೆಗೆ ಹತ್ತಿರ. ಬೇಳೆ, ಎಣ್ಣೆ, ಪಲ್ಯ ಯಾವುದೂ ಜೊತೆಗಿಲ್ಲದ್ದರಿಂದ ಹೊಟ್ಟೆಯಿಂದ ಇದು ಬೇಗ ಇಳಿಯುತ್ತದೆ. ಎರಡು ಗಂಟೆಯ ನಂತರ ಸಕ್ಕರೆ 280 ಮುಟ್ಟಬಹುದು. ಸಂಜೆಗೆ ನಾಲಿಗೆ ಒಣಗಿ, ಮತ್ತೆ ಮತ್ತೆ ಮೂತ್ರಕ್ಕೆ ಎದ್ದು, ತಲೆ ಭಾರವಾಗುತ್ತದೆ. ರಾತ್ರಿ ಊಟ ಬೇಡವೆಂದು ಒಂದು ಲೋಟ ಹಾಲು ಕುಡಿದು, ರಾತ್ರಿಯ ಮಾತ್ರೆಯನ್ನು ಮಾತ್ರ ನುಂಗಿ ಮಲಗಿದರೆ, ನಡುರಾತ್ರಿ ಮತ್ತೆ ಕುಸಿತ. ನಿದ್ದೆಯಲ್ಲಿ ಬರುವ ಈ ಕುಸಿತ ಹೆಚ್ಚು ಅಪಾಯಕರ. ಅಂಗಿ ತೊಯ್ದಿರುವುದು, ಕೆಟ್ಟ ಕನಸು, ಬೆಳಗಿನ ತಲೆನೋವು ಅದರ ಗುರುತುಗಳು.

ಮೊದಲು ಮಾತ್ರೆಯ ಹೆಸರು

ಹಣ್ಣಿನ ಪಟ್ಟಿಗಿಂತ ಮುಂಚೆ ತಿಳಿಯಬೇಕಾದದ್ದು ಮಾತ್ರೆಯ ಹೆಸರು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ. ಗ್ಲಿಮಿಪ್ರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಎಂಬ ಹೆಸರಿದ್ದರೆ ಕುಸಿತದ ಭಯವಿದೆ. ಗ್ಲಿಬೆನ್‌ಕ್ಲಮೈಡ್ ದೇಹದಲ್ಲಿ ದೀರ್ಘಕಾಲ ಕೆಲಸ ಮಾಡುವುದರಿಂದ ಮುದುಕರಲ್ಲಿಯೂ ಮೂತ್ರಪಿಂಡ ದುರ್ಬಲವಾದವರಲ್ಲಿಯೂ ಹೆಚ್ಚು ಕೆಟ್ಟದ್ದು. ಇನ್ಸುಲಿನ್ ಚುಚ್ಚಿಕೊಳ್ಳುವವರ ಮಾತು ಬೇರೆಯೇ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅವನ್ನು ನುಂಗುತ್ತ ನೀರೂ ಕುಡಿಯದೆ ಉಪವಾಸವಿದ್ದರೆ ದೇಹ ಒಣಗುತ್ತದೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು.

ಮಾತ್ರೆಯ ಹಾಳೆಯ ಹಿಂದೆ ಹೆಸರು ಇಂಗ್ಲಿಷಿನಲ್ಲಿದೆ, ದವಾಖಾನೆಯಲ್ಲಿ ಮಾತು ತೆಲುಗಿನಲ್ಲಿ. ಕನ್ನಡ ಶಾಲೆಯ ಏಳನೆಯ ಎಂಟನೆಯ ತರಗತಿಯ ಮಗು ಆ ಅಕ್ಷರಗಳನ್ನು ಓದಿ ಅಜ್ಜಿಯ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಬಲ್ಲದು. ಹಾಳೆಯನ್ನು ಕತ್ತರಿಸುವಾಗ ಹೆಸರಿರುವ ಭಾಗವನ್ನು ಎಸೆಯದಿರಿ.

ಉಪವಾಸಕ್ಕೆ ಕನಿಷ್ಠ ಒಂದು ವಾರ ಮುಂಚೆ ಆ ಹಾಳೆಯೊಂದಿಗೆ ಪತ್ತಿಕೊಂಡದ ಸರಕಾರಿ ಆಸ್ಪತ್ರೆಗೋ ನಿಮ್ಮ ವೈದ್ಯರ ಬಳಿಗೋ ಹೋಗಿ ಕೇಳಬೇಕಾದ ಪ್ರಶ್ನೆ ಒಂದೇ: ಆ ದಿನ ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ? ಸಾಮಾನ್ಯವಾಗಿ ವೈದ್ಯರು ಬೆಳಗಿನ ಗ್ಲಿಮಿಪ್ರೈಡನ್ನು ಬಿಡಿಸುತ್ತಾರೆ, ಇಳಿಸುತ್ತಾರೆ, ಇಲ್ಲವೇ ದಿನದ ದೊಡ್ಡ ಊಟದ ಹೊತ್ತಿಗೆ ಸರಿಸುತ್ತಾರೆ. ಮೆಟ್‌ಫಾರ್ಮಿನನ್ನು ಆಹಾರದೊಂದಿಗೆ ಮುಂದುವರಿಸುತ್ತಾರೆ. ಜೋಡಿ ಮಾತ್ರೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ನುಂಗಲು ಸಾಧ್ಯವಿಲ್ಲ, ಆದ್ದರಿಂದ ಆ ದಿನಕ್ಕೆಂದು ಬಿಡಿ ಮೆಟ್‌ಫಾರ್ಮಿನ್ ಬರೆಸಿಕೊಳ್ಳಬೇಕಾಗುತ್ತದೆ. ಪ್ರಮಾಣವನ್ನು ನಾವಾಗಿ ನಿರ್ಧರಿಸುವುದು ಬೇಡ. ಹಾಗೆಯೇ, ಊಟವಿಲ್ಲವೆಂದು ಎಲ್ಲ ಮಾತ್ರೆಗಳನ್ನೂ ಬಿಟ್ಟು ದಿನವಿಡೀ ಬಾಳೆಹಣ್ಣು ತಿನ್ನುವುದೂ ಬೇಡ.

ತಟ್ಟೆಯಲ್ಲಿ ಏನಿರಬೇಕು

ಅದೇ ತಾಯಿ ಮುಂದಿನ ಶನಿವಾರ ಹೇಗೆ ನಡೆಸಬಹುದು? ಬೆಳಿಗ್ಗೆ ಎದ್ದೊಡನೆ ಬೆರಳು ಚುಚ್ಚಿ ನೋಡಿ, ಎಂಟಕ್ಕೆ ಒಂದು ಸಣ್ಣ ಪೇರಲ ಹಣ್ಣು, ಒಂದು ಹಿಡಿ ಬೇಯಿಸಿದ ಶೇಂಗಾ, ಒಂದು ಲೋಟ ಮಜ್ಜಿಗೆ. ಹನ್ನೊಂದಕ್ಕೆ ಒಂದು ಬಟ್ಟಲು ಪಪ್ಪಾಯಿ ಹೋಳು. ಎರಡಕ್ಕೆ ಅರ್ಧ ಬಾಳೆಹಣ್ಣು, ಮೊಸರು, ಸೌತೆಕಾಯಿ. ಐದಕ್ಕೆ ಒಂದು ಮೂಸಂಬಿ, ನಾಲ್ಕಾರು ಬಾದಾಮಿ ಅಥವಾ ಮತ್ತೆ ಶೇಂಗಾ. ಹಣ್ಣಿನ ಒಟ್ಟು ಪ್ರಮಾಣ ಹಿಂದಿನ ವಾರಕ್ಕಿಂತ ಬಹಳ ಕಡಿಮೆಯೇನಲ್ಲ, ಆದರೆ ಒಂದೇ ಹೊತ್ತಿಗೆ ಬೀಳುವ ಶರ್ಕರಪಿಷ್ಟ ಹದಿನೈದು ಇಪ್ಪತ್ತು ಗ್ರಾಮಿನ ಒಳಗಿದೆ. ಶೇಂಗಾ, ಮೊಸರುಗಳ ಪ್ರೋಟೀನು ಮತ್ತು ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಶೇಂಗಾ ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ಅಗ್ಗದ ಉಪಾಯ ನಮಗೆ ತೋರದು.

ಹಣ್ಣನ್ನು ಕಚ್ಚಿ ತಿನ್ನಬೇಕು, ರಸ ಹಿಂಡಬಾರದು. ಒಂದು ಲೋಟ ಮೂಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು, ನಾರು ಹೋಗಿರುತ್ತದೆ, ಸಕ್ಕರೆ ನಿಮಿಷಗಳಲ್ಲಿ ಏರುತ್ತದೆ. ಸಪೋಟ, ಸೀತಾಫಲ, ಮಾವು, ದ್ರಾಕ್ಷಿ ನಿಷಿದ್ಧವಲ್ಲ, ಆದರೆ ಅಳತೆಯಲ್ಲಿರಬೇಕು. ಖರ್ಜೂರ ಎರಡಕ್ಕೆ ನಿಲ್ಲಲಿ. ಸಾಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟವೇ ಆಗಿದೆ, ಅದರ ಪಾಯಸವನ್ನು ಹಗುರವಾದ ಆಹಾರ ಎಂದು ಕೊಡುವುದನ್ನು ಬಿಡುವುದು ಮೇಲು. ನವಣೆ ಅನ್ನಕ್ಕೂ ಅಳತೆ ಇದೆ: ಅದರಲ್ಲಿ ನಾರು ಹೆಚ್ಚು ಎಂಬುದು ನಿಜ, ಪಿಷ್ಟ ಇಲ್ಲವೆಂದಲ್ಲ. ಮೂತ್ರಪಿಂಡದ ತೊಂದರೆಯಿರುವವರು ಬಾಳೆಹಣ್ಣು, ಎಳನೀರುಗಳಲ್ಲಿರುವ ಪೊಟ್ಯಾಸಿಯಂ ವಿಷಯವಾಗಿ ವೈದ್ಯರನ್ನು ಕೇಳದೆ ಹಣ್ಣಿನ ಉಪವಾಸಕ್ಕೆ ತೊಡಗಬಾರದು.

ಚುಚ್ಚಿ ನೋಡುವುದು, ನಿಲ್ಲಿಸುವುದು

ಬೆರಳು ಚುಚ್ಚಿದರೆ ವ್ರತ ಕೆಡುವುದಿಲ್ಲ. ಎದ್ದಾಗ, ಹನ್ನೊಂದರ ಸುಮಾರಿಗೆ, ಸಂಜೆ, ಮಲಗುವ ಮುನ್ನ ಒಮ್ಮೊಮ್ಮೆ ನೋಡಿದರೆ ಸಾಕು, ಮೈ ಸರಿಯಿಲ್ಲವೆನಿಸಿದಾಗ ತಕ್ಷಣ. ಹಣ್ಣಿನ ದಿನಕ್ಕೆಂದೇ ಒಂದು ಎಚ್ಚರಿಕೆ: ಬಾಳೆಹಣ್ಣು ಸುಲಿದ, ಮೂಸಂಬಿ ಬಿಡಿಸಿದ ಬೆರಳಿನಲ್ಲಿ ಅದರ ರಸ ಅಂಟಿರುತ್ತದೆ. ಆ ಬೆರಳನ್ನೇ ಚುಚ್ಚಿದರೆ ಯಂತ್ರ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ, ಕುಸಿದದ್ದು ಮರೆಯಾಗುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು, ನೀರು ಸಾಬೂನಿನಿಂದ ತೊಳೆದು ಒಣಗಿಸಿ ಚುಚ್ಚಬೇಕು.

ಸಂಖ್ಯೆ 70ಕ್ಕಿಂತ ಕೆಳಗಿದ್ದರೆ ಉಪವಾಸ ಅಲ್ಲಿಗೇ ಮುಗಿಯಿತು. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಕಿ ಕುಡಿದು, ಹದಿನೈದು ನಿಮಿಷ ಕುಳಿತು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಏರಿದ ಮೇಲೆ ಊಟ ಮಾಡಲೇಬೇಕು, ಏಕೆಂದರೆ ಗ್ಲಿಮಿಪ್ರೈಡಿನ ಕೆಲಸ ಇನ್ನೂ ಗಂಟೆಗಟ್ಟಲೆ ನಡೆಯುತ್ತಿರುತ್ತದೆ. ವೋಗ್ಲಿಬೋಸ್ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಏರುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. 300 ದಾಟಿದರೂ ಉಪವಾಸ ನಿಲ್ಲಿಸಿ ನೀರು ಕುಡಿದು ವೈದ್ಯರನ್ನು ಕಾಣಬೇಕು. ಯಂತ್ರದ ಪರದೆಯಲ್ಲಿ ಸಂಖ್ಯೆಯ ಬದಲು LO ಎಂದು ಕಂಡರೆ ಸಕ್ಕರೆ ಅಳತೆಗೆ ಸಿಗದಷ್ಟು ಕೆಳಗಿದೆ, HI ಎಂದರೆ ಅಷ್ಟೇ ಮೇಲಿದೆ. ಎರಡಕ್ಕೂ 108ಕ್ಕೆ ಕರೆಮಾಡಬೇಕು, LO ಕಂಡು ಎಚ್ಚರವಿದ್ದರೆ ಕರೆಯುತ್ತಲೇ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಉರುಕುಂದಕ್ಕೋ ಮಂತ್ರಾಲಯಕ್ಕೋ ನಡೆದು ಹೋಗುವವರು ಗ್ಲೂಕೋಸ್ ಪೊಟ್ಟಣವನ್ನು ಚೀಲದಲ್ಲಲ್ಲ, ಮಡಿಲಲ್ಲೇ ಇಟ್ಟುಕೊಳ್ಳಲಿ.

ಬಾಲ್ಯದಿಂದಲೇ ಇನ್ಸುಲಿನ್ ಮೇಲಿರುವ ಮೊದಲನೆಯ ಬಗೆಯ ಮಧುಮೇಹಿಗಳು, ಗರ್ಭಿಣಿಯರು, ಮೂತ್ರಪಿಂಡ ಸೋತವರು, ಇತ್ತೀಚೆಗೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರು, ಕುಸಿದರೂ ಗುರುತು ತಿಳಿಯದವರು ಈ ಉಪವಾಸ ಮಾಡಬಾರದು. ಇನ್ಸುಲಿನನ್ನು ಒಂದು ದಿನಕ್ಕೂ ಪೂರ್ತಿ ನಿಲ್ಲಿಸುವುದು ಮೊದಲ ಬಗೆಯವರಿಗೆ ಪ್ರಾಣಾಂತಿಕ.

ಮನೆಯ ಹಿರಿಯರು ಇದಕ್ಕೆ ಒಪ್ಪದಿದ್ದರೆ ಶಾಸ್ತ್ರದ ಮಾತನ್ನೇ ಹೇಳಬಹುದು. ವ್ರತವನ್ನು ಕೆಡಿಸದ ಎಂಟು ವಸ್ತುಗಳ ಹಳೆಯ ಎಣಿಕೆಯೊಂದು ಮಹಾಭಾರತದ ಉದ್ಯೋಗಪರ್ವದಲ್ಲಿದೆ. ನೀರು, ಗೆಡ್ಡೆ, ಹಣ್ಣು, ಹಾಲು ಮೊದಲಾದವುಗಳ ಜೊತೆ ಔಷಧವೂ, ಗುರುವಿನ ಮಾತೂ ಅದರಲ್ಲಿ ಸೇರಿವೆ. ನಿರ್ಜಲ ಏಕಾದಶಿ ಮಾಡುವ ಮನೆಗಳಲ್ಲಿಯೂ ರೋಗಿಗಳಿಗೆ ಹಣ್ಣು ಹಾಲಿನ ಅನುಕೂಲ ಕೊಡುವುದು ರೂಢಿಯಲ್ಲಿದೆ.

ಇನ್ನು ಪಾರಣೆಯ ಬೆಳಗು. ದ್ವಾದಶಿಯಂದು ಮುಂಜಾನೆಯೇ ಅನ್ನ, ಹಯಗ್ರೀವ, ಪಾಯಸ ಒಟ್ಟಿಗೆ ಬಡಿಸುತ್ತಾರೆ. ಹಸಿದ ಹೊಟ್ಟೆ ಅಳತೆ ಮರೆಯುತ್ತದೆ. ಅಂದು ಮಾತ್ರೆ ಎಂದಿನ ಪ್ರಮಾಣಕ್ಕೆ ಮರಳುತ್ತದೆಯೇ ಎಂಬುದನ್ನೂ ವೈದ್ಯರಲ್ಲಿ ಮೊದಲೇ ಕೇಳಿರಬೇಕು. ಪಲ್ಯ, ಬೇಳೆ ಮೊದಲು, ಅನ್ನ ಆಮೇಲೆ, ಸಿಹಿ ಒಂದು ಚಮಚ. ಎರಡು ಗಂಟೆ ಕಳೆದು ಚುಚ್ಚಿ ನೋಡಿ, ಆ ಸಂಖ್ಯೆಯನ್ನು ಹಿಂದಿನ ದಿನದ ನಾಲ್ಕು ಸಂಖ್ಯೆಗಳ ಕೆಳಗೆ ಬರೆದಿಡಿ. ಮುಂದಿನ ಏಕಾದಶಿಗೆ ಮಾತ್ರೆ ಹೊಂದಿಸಲು ವೈದ್ಯರಿಗೆ ಬೇಕಾಗುವುದು ಆ ಚೀಟಿಯೇ.