ಪುಟ್ಟ ಫ್ಯಾನು ಅಗ್ಗ, ಕರೆಂಟು ದುಬಾರಿ
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬೇಸಿಗೆಯಲ್ಲಿ ಅಗ್ಗದ ಪುಟ್ಟ ಫ್ಯಾನಿಗೇ ಮೊದಲು ಕೈ ಹೋಗುತ್ತೆ. ಇಂಥ ಹಲವು ಫ್ಯಾನುಗಳಲ್ಲಿ ಇರೋದು ಶೇಡೆಡ್ ಪೋಲ್ ಮೋಟಾರು.

ಇದಕ್ಕೆ ಕೆಪಾಸಿಟರ್ ಬೇಡ, ಎರಡನೇ ವೈಂಡಿಂಗೂ ಬೇಡ. ಪ್ರತಿ ಪೋಲಿನ ಒಂದು ಮೂಲೆಗೆ ತಾಮ್ರದ ಬಳೆ ತೊಡಿಸಿರ್ತಾರೆ. ಬಳೆ ಇರುವ ಕಡೆ ಕಾಂತಕ್ಷೇತ್ರ ತುಸು ತಡವಾಗಿ ಏರುತ್ತೆ; ಆ ತಡವೇ ರೋಟರನ್ನು ಬಳೆಯ ದಿಕ್ಕಿಗೆ ತಿರುಗಿಸುತ್ತೆ. ಅಗ್ಗದ ಗುಟ್ಟು ಇಷ್ಟೇ.

ಆದರೆ ಫ್ಯಾನು ಓಡುವಷ್ಟು ಹೊತ್ತೂ ಬಳೆಯಲ್ಲಿ ಕರೆಂಟು ಹರಿದು ಬಿಸಿಯಾಗಿ ಪೋಲಾಗುತ್ತೆ. 40 ವ್ಯಾಟಿನ, ಶೇ. 25 ದಕ್ಷತೆಯ ಮೋಟಾರು ರೆಕ್ಕೆಗೆ ಕೊಡೋದು 10 ವ್ಯಾಟ್ ಮಾತ್ರ. ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. ಅದರಲ್ಲಿ 9 ಬರೀ ಶಾಖ. ಗೃಹಜ್ಯೋತಿಯ ಸೊನ್ನೆ ಬಿಲ್ಲಿನಲ್ಲಿ ಈ ನಷ್ಟ ಕಾಣಲ್ಲ. ಕೊಳ್ಳುವಾಗ ಬೆಲೆ ಜೊತೆ ವ್ಯಾಟೂ ನೋಡಿ.